ಗ್ಯಾಸ್ ಏಜೆನ್ಸಿ: ಬುಕಿಂಗ್ ಸಲೀಸು, ತಕರಾರು ತೂಕದ್ದು

ಹಲವು ವರ್ಷಗಳಿಂದ ನಮ್ಮ ಮನೆಗೆ ಒಂದೇ ಏಜೆನ್ಸಿಯಿಂದ ಗ್ಯಾಸ್ ಬರುತ್ತಿದೆ. ಬುಕ್ ಮಾಡಿದರೆ ಬೇಗ ತಂದುಕೊಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಚೆಗೆ ಸಿಲಿಂಡರ್ ಬೇಗ ಖಾಲಿಯಾಗತೊಡಗಿತು. ಅಡುಗೆಯೇನೂ ಜಾಸ್ತಿಯಾಗಿರಲಿಲ್ಲ, ಸೋರಿಕೆಯೂ ಇರಲಿಲ್ಲ.

ಮುಂದಿನ ಸಲ ತೂಕ ಹಾಕಿ ಕೊಡಿ ಅಂದೆ. "ತಕ್ಕಡಿ ತಂದಿಲ್ಲ ಮೇಡಂ, ಸೀಲ್ ಇದೆಯಲ್ಲ" ಎಂದ ಹುಡುಗ. ಸೀಲ್ ನೋಡಿದರೆ ತೂಕ ಗೊತ್ತಾಗುವುದಿಲ್ಲ. ಗ್ರಾಹಕರು ಕೇಳಿದರೆ ಎದುರಿಗೇ ತೂಗಿ ತೋರಿಸಬೇಕು. ಲಗೇಜ್ ತೂಗುವ ನಮ್ಮ ಕೊಕ್ಕೆ ತಕ್ಕಡಿಯನ್ನೇ ತಂದೆ.

ಲೆಕ್ಕ ಸುಲಭ. ಸಿಲಿಂಡರಿನ ತಲೆಯ ಬಳೆಯನ್ನು ಹಿಡಿದಿರುವ ಪಟ್ಟಿಗಳ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತಾರೆ. ಇದು ಒಂದೊಂದು ಸಿಲಿಂಡರಿಗೆ ಒಂದೊಂದು ಥರ. ಅದಕ್ಕೆ ಗ್ಯಾಸಿನ 14.2 ಕೆಜಿ ಸೇರಿಸಬೇಕು. ನಮ್ಮದರ ಮೇಲೆ 15.7 ಎಂದಿತ್ತು, ಅಂದರೆ ಒಟ್ಟು 29.9 ಕೆಜಿ ತೂಗಬೇಕು. ತಕ್ಕಡಿ ತೋರಿಸಿದ್ದು 28.4. ಮನೆಯ ತಕ್ಕಡಿ ಸ್ವಲ್ಪ ಆಚೀಚೆ ತೋರಿಸಬಹುದು, ಆದರೆ ಒಂದೂವರೆ ಕೆಜಿ ಅಂದರೆ ಹತ್ತರಲ್ಲೊಂದು ಪಾಲು ಗ್ಯಾಸೇ ಇಲ್ಲ! ಪಟ್ಟಿಯ ಮೇಲಿನ ಅಂಕಿ, ತಕ್ಕಡಿ, ಬಿಲ್ ಮೂರರದ್ದೂ ಫೋಟೊ ತೆಗೆದುಕೊಂಡೆ.

ಮೊಬೈಲಿಗೆ ಬಂದಿದ್ದ ಡೆಲಿವರಿ ಕೋಡನ್ನು ಇನ್ನೂ ಹೇಳಿರಲಿಲ್ಲ. ಅದೇ ಒಳ್ಳೆಯದಾಯಿತು. ಕೋಡ್ ಕೊಟ್ಟರೆ ಸಿಲಿಂಡರ್ ತಲುಪಿದೆ ಎಂದು ದಾಖಲಾಗುತ್ತದೆ, ಆಮೇಲೆ ವಾದ ಕಷ್ಟ. ಸಿಲಿಂಡರ್ ವಾಪಸ್ ಕಳಿಸಿದೆ.

ಏಜೆನ್ಸಿಗೆ ಫೋನ್ ಮಾಡಿದರೆ "ಪ್ಲಾಂಟಿನಿಂದಲೇ ಹಾಗೆ ಬಂದಿರಬೇಕು" ಎಂದರು. ಎಲ್ಲಿ ಕಡಿಮೆಯಾದರೂ ಬದಲಾಯಿಸಿ ಕೊಡಬೇಕಾದವರು ಅವರೇ ಅಲ್ವಾ? ದೂರನ್ನು ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡೆ. ಬಿಲ್ಲಿನ ಮೇಲೆ ಪ್ರತಿಸಲ ಐವತ್ತು ರೂಪಾಯಿ ವಸೂಲಿ ಮಾಡುವುದನ್ನೂ ಅದರಲ್ಲೇ ಬರೆದೆ. ಮನೆ ಬಾಗಿಲಿಗೆ ತಂದುಕೊಡುವ ಖರ್ಚು ಬಿಲ್ಲಿನ ದರದಲ್ಲೇ ಸೇರಿರುತ್ತದೆ. ಆ ಐವತ್ತನ್ನು ಬಿಲ್ಲಿನಲ್ಲಿ ಬರೆದುಕೊಡಿ ಎಂದರೆ ಯಾರೂ ಬರೆಯುವುದಿಲ್ಲ.

ಏಜೆನ್ಸಿಯವರು ನಾಳೆ ನಾಡಿದ್ದು ಎನ್ನುತ್ತಲೇ ಇದ್ದರು. ಆಗ ಕಂಪನಿಯ ಉಚಿತ ಸಂಖ್ಯೆ 1800-2333-555ಕ್ಕೆ ಕರೆ ಮಾಡಿ, ಗ್ರಾಹಕ ಸಂಖ್ಯೆ, ಬಿಲ್ ಸಂಖ್ಯೆ, ಎರಡೂ ತೂಕ ಹೇಳಿದೆ. ಸುಮ್ನೆ "ಕಡಿಮೆ ಇತ್ತು" ಅಂದಿದ್ದರೆ ಅದು ಬರೀ ಗೊಣಗಾಟವಾಗುತ್ತಿತ್ತು. ದೂರಿನ ಸಂಖ್ಯೆ ಸಿಕ್ಕಿತು. ಕಂಪನಿಯ ಸೇಲ್ಸ್ ಆಫೀಸರ್ ಫೋನ್ ಮಾಡಿ ವಿಚಾರಿಸಿದರು. ಅದಾದ ಮೇಲೆಯೇ ಬೇರೆ ಸಿಲಿಂಡರ್ ಬಂತು, ಜೊತೆಗೆ ತಕ್ಕಡಿಯೂ ಬಂತು. ತೂಕ ಸರಿಯಿತ್ತು. ಕಂಪನಿಯೂ ಕೈಚೆಲ್ಲಿದ್ದರೆ ತೂಕ ಮತ್ತು ಅಳತೆ ಇಲಾಖೆಗೆ, ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗುವವಳಿದ್ದೆ.

ಈಗ ಆನ್‌ಲೈನಲ್ಲೇ ದುಡ್ಡು ಕಟ್ಟುತ್ತೇನೆ, ಐವತ್ತು ರೂಪಾಯಿ ಕೇಳುವುದು ನಿಂತಿದೆ. ತಕ್ಕಡಿ ಮಾತ್ರ ಕೇಳಿದವರಿಗಷ್ಟೇ ತರುತ್ತಾರೆ. ಹಾಗಾಗಿ ಏಜೆನ್ಸಿಗೆ ಐದಕ್ಕೆ ಎರಡು, ಕಂಪನಿಯ ದೂರು ವಿಭಾಗಕ್ಕೆ ನಾಲ್ಕು.