ನಿಧಿಗೊಂದು ಬ್ಯಾಂಕ್ ಖಾತೆಯೋ, ಒಂದೇ ಖಾತೆಯಲ್ಲಿ ನಿಧಿ ಲೆಡ್ಜರೋ?

ಬಾಗಲಕೋಟೆಯ ಹಾಸ್ಟೆಲ್ ಟ್ರಸ್ಟ್ ಒಂದರ ಖಜಾಂಚಿ ಕೇಳಿದ ಪ್ರಶ್ನೆ ಇದು. ಅವರ ಲೆಕ್ಕವನ್ನೇ ಹೋಲುವ ಉದಾಹರಣೆ ನೋಡಿ. ವಿದ್ಯಾರ್ಥಿವೇತನಕ್ಕೆಂದೇ ಬಂದದ್ದು 5,00,000, ಹಂಚಿದ್ದು 3,20,000. ಸಾಮಾನ್ಯ ದೇಣಿಗೆ 4,00,000, ನಿತ್ಯದ ಖರ್ಚು 3,50,000. ಸಾಮಾನ್ಯ ಹಣದಿಂದಲೇ ಎಂದುಕೊಂಡು 70,000ದ ಕಂಪ್ಯೂಟರ್ ಕೊಂಡರು. ಸಾಲ, ಬಾಕಿ ಇಲ್ಲ.

ನಿವ್ವಳ ಆಸ್ತಿ ಹೀಗೆ ತೋರಿಸಬೇಕು: ನಿರ್ಬಂಧಿತ, ಅಂದರೆ ದಾನಿ ಹೇಳಿದ ಕೆಲಸಕ್ಕೇ ಬಳಸಬೇಕಾದ ಹಣ 1,80,000, ಅನಿರ್ಬಂಧಿತ 50,000, ಒಟ್ಟು 2,30,000. ಆದರೆ ಬ್ಯಾಂಕಿನಲ್ಲಿರುವುದು 1,60,000 ಮಾತ್ರ. ನಿರ್ಬಂಧಿತ 1,80,000 ಆದರೂ ಅಲ್ಲಿರಬೇಕಿತ್ತು. ಅಂದರೆ ಮಕ್ಕಳ ಹಣದ 20,000 ಕಂಪ್ಯೂಟರಿಗೆ ಹೋಗಿದೆ.

ಬೇರೆ ಬ್ಯಾಂಕ್ ಖಾತೆ ಇದ್ದಿದ್ದರೆ ಇದು ಆಗುವಾಗಲೇ ಗೊತ್ತಾಗುತ್ತಿತ್ತು, ಸಾಮಾನ್ಯ ಖಾತೆಯ ಚೆಕ್ ಬೌನ್ಸ್ ಆಗುತ್ತಿತ್ತು. ಒಂದೇ ಖಾತೆಯಲ್ಲಿ ಯಾರೂ ತಡೆಯುವುದಿಲ್ಲ. ತಿಂಗಳಿಗೊಮ್ಮೆ ನಿರ್ಬಂಧಿತ ನಿಧಿಯಲ್ಲಿ ಉಳಿದಿರುವ ಮೊತ್ತವನ್ನು ಬ್ಯಾಂಕಿನಲ್ಲಿರುವ ಮೊತ್ತದ ಪಕ್ಕ ಇಟ್ಟು ನೋಡಬೇಕು. ಬ್ಯಾಂಕ್ ಕಡಿಮೆ ಇದ್ದರೆ ಅಲ್ಲೇ ಎಡವಟ್ಟು.

ಕೆಲಸದ ಹೊರೆ ಮಾತ್ರ ಉಲ್ಟಾ. ಐದಾರು ದಾನಿಗಳಾದರೆ ಅಷ್ಟೂ ಪಾಸ್‌ಬುಕ್ ತಾಳೆ ನೋಡಬೇಕು, ಪ್ರತಿ ಖಾತೆಗೂ ಸಹಿದಾರರು ಬೇಕು. ವಾರ್ಡನ್ ಸಂಬಳ ಎರಡು ನಿಧಿಗೆ ಹಂಚಬೇಕಾದರಂತೂ ವರ್ಗಾವಣೆಗಳದ್ದೇ ಗೋಳು. ಲೆಡ್ಜರಿನಲ್ಲಿ ಒಂದು ಜರ್ನಲ್ ಎಂಟ್ರಿ ಸಾಕು.

ದೊಡ್ಡ ಮೊತ್ತದ ಒಬ್ಬಿಬ್ಬರು ದಾನಿಗಳಿದ್ದು, ಲೆಕ್ಕ ಬರೆಯುವವರು ವಾರಕ್ಕೊಮ್ಮೆ ಬರುವವರಾದರೆ ಬೇರೆ ಖಾತೆ ಒಳ್ಳೆಯದು. ಸಣ್ಣ ನಿಧಿಗಳು ಹಲವಿದ್ದು, ನಿತ್ಯ ಟ್ಯಾಲಿ ನೋಡುವವರಿದ್ದರೆ ಲೆಡ್ಜರ್ ಸಾಕು. ವಿದೇಶಿ ದೇಣಿಗೆಗೆ ಈ ಆಯ್ಕೆಯೇ ಇಲ್ಲ: ಅದು ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ಪ್ರಕಾರ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಬರಬೇಕು, ಸ್ಥಳೀಯ ಹಣ ಅದರಲ್ಲಿ ಬೆರೆಯಬಾರದು.