ಪೋರ್ಟ್‌ಫೋಲಿಯೊನಾ, ಅಟ್ಯಾಚ್‌ಮೆಂಟಾ?

ಕಾಸರಗೋಡಿನ ಕನ್ನಡ ಶಾಲೆಯೊಂದರ ಟೀಚರ್ ಪಾಠದ ವರ್ಡ್ ಫೈಲು, ವೇಳಾಪಟ್ಟಿಯ ಎಕ್ಸೆಲ್, ಪದ್ಯದ ಆಡಿಯೊ ಎಲ್ಲವನ್ನೂ ಒಂದೇ ಪಿಡಿಎಫ್‌ನಲ್ಲಿ ಪೋಷಕರಿಗೆ ಕಳಿಸಬೇಕು ಅಂದುಕೊಳ್ಳಿ. ಎರಡು ದಾರಿ ಇವೆ: ಬೇರೆ ಬೇರೆ ಫೈಲುಗಳನ್ನು ಒಂದೇ ಕಟ್ಟಾಗಿಸುವ ಪಿಡಿಎಫ್ ಪೋರ್ಟ್‌ಫೋಲಿಯೊ, ಇಲ್ಲವೇ ಮಾಮೂಲಿ ಪಿಡಿಎಫ್‌ನೊಳಗೆ ಫೈಲುಗಳನ್ನು ಅಟ್ಯಾಚ್ ಮಾಡುವುದು.

ಪೋರ್ಟ್‌ಫೋಲಿಯೊ ಕಂಪ್ಯೂಟರಿನ ಅಡೋಬಿ ರೀಡರ್‌ನಲ್ಲಿ ಚಂದ ಕಾಣುತ್ತದೆ, ಫೈಲುಗಳ ಪಟ್ಟಿ ಕಣ್ಣೆದುರೇ ಇರುತ್ತದೆ. ಬೇರೆ ಕಡೆ ತೆರೆದರೆ ಹೆಚ್ಚಾಗಿ ‘ಅಕ್ರೋಬ್ಯಾಟ್‌ನಲ್ಲಿ ತೆರೆಯಿರಿ’ ಎನ್ನುವ ಮುಖಪುಟ ಮಾತ್ರ ಬರುತ್ತದೆ. ಫೈಲ್ ಹಾಳಾಗಿದೆ ಅಂತಲೇ ಅನಿಸುತ್ತದೆ, ಅಲ್ವಾ? ಹಾಳಾಗಿರುವುದಿಲ್ಲ. ಪೋರ್ಟ್‌ಫೋಲಿಯೊದ ಒಳಗಿರುವುದೂ ಅಟ್ಯಾಚ್‌ಮೆಂಟೇ. ಫೈರ್‌ಫಾಕ್ಸ್‌ನ ಪಕ್ಕದ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ.

ಮಾಮೂಲಿ ಪಿಡಿಎಫ್‌ಗೆ ಅಟ್ಯಾಚ್ ಮಾಡಿದರೆ ಪುಟಗಳಂತೂ ಎಲ್ಲೆಡೆ ಕಾಣುತ್ತವೆ. ಆದರೆ ಮೊಬೈಲಿನ ಎಷ್ಟೋ ಆ್ಯಪ್‌ಗಳು ಅಟ್ಯಾಚ್‌ಮೆಂಟ್ ಇರುವ ಸುಳಿವನ್ನೂ ಕೊಡುವುದಿಲ್ಲ. ಮೊದಲ ಪುಟದಲ್ಲೇ ಒಳಗಿನ ಫೈಲುಗಳ ಹೆಸರು ಬರೆಯಿರಿ. ಜಿಪ್ ಸೇರಿಸಬೇಡಿ, ಅಡೋಬಿ ರೀಡರ್ ಅದನ್ನು ತೆರೆಯಲು ಬಿಡುವುದಿಲ್ಲ. ನಾನಾದರೆ ಅಟ್ಯಾಚ್‌ಮೆಂಟೇ ಆರಿಸುತ್ತೇನೆ. ಪೋಷಕರ ಹತ್ತಿರ ಮೊಬೈಲ್ ಮಾತ್ರ ಇದ್ದರೆ ಸುಮ್ನೆ ಬಿಡಿಬಿಡಿಯಾಗಿ ಕಳಿಸುತ್ತೇನೆ.