ಸೋಲಾರ್ ಇನ್ವರ್ಟರ್ ಆ್ಯಪ್: ನಿಮ್ಮ ಪಾಸ್‌ವರ್ಡ್ ಬದಲಿಸಿದರೆ ಸಾಲದು

ಮನೆಯ ಇನ್ವರ್ಟರನ್ನು ಮೊಬೈಲ್‌ನಲ್ಲಿ ನೋಡುವವರೆಲ್ಲ ಇದನ್ನು ದಯವಿಟ್ಟು ಓದಿ. ಆ್ಯಪ್ ನಿಮ್ಮ ಕೈಯಲ್ಲಿದ್ದರೂ ಕಂಟ್ರೋಲ್ ಬೇರೆಯವರ ಹತ್ತಿರ ಇರಬಹುದು.

ನಮ್ಮದು 5 ಕಿಲೋವ್ಯಾಟ್ ಇನ್ವರ್ಟರ್. ಒಳ್ಳೆಯ ಬಿಸಿಲಿನ ದಿನ ಆ್ಯಪ್‌ನ ಗ್ರಾಫ್ ಗುಡ್ಡದ ಹಾಗೆ ಏರಿ ಇಳಿಯಬೇಕು. ನಮ್ಮದು ಬೆಳಗ್ಗೆ 3 ಕಿಲೋವ್ಯಾಟ್‌ಗೆ ಏರಿ, ಮಧ್ಯಾಹ್ನ ಕಳೆಯುವ ತನಕ ಅಲ್ಲೇ ಚಪ್ಪಟೆಯಾಗಿ ನಿಂತಿತ್ತು. ಆ್ಯಪ್ ಮಾತ್ರ `Normal` ಅಂತಲೇ ತೋರಿಸುತ್ತಿತ್ತು. ಪ್ಯಾನೆಲ್ ಒರೆಸಿದರೂ ಅಷ್ಟೇ. ಸುಳಿವು ಸಿಕ್ಕಿದ್ದು ಡಿಸಿ ವೋಲ್ಟೇಜ್‌ನಲ್ಲಿ. ಧೂಳು, ನೆರಳು ಇದ್ದರೆ ವೋಲ್ಟೇಜ್ ಹೀಗೆ ಏರುವುದಿಲ್ಲ. ನಮ್ಮಲ್ಲಿ ಅದು ಮಾಮೂಲಿಗಿಂತ ಜಾಸ್ತಿ ಇತ್ತು, ಕರೆಂಟ್ ಕಡಿಮೆ ಇತ್ತು. ಅಂದರೆ ಪ್ಯಾನೆಲ್ ಕೊಡಲು ತಯಾರಿದೆ, ಇನ್ವರ್ಟರೇ ತೆಗೆದುಕೊಳ್ಳುತ್ತಿಲ್ಲ. ಅದರ ಡಿಸ್‌ಪ್ಲೇಯಲ್ಲಿ ಸೆಟ್ಟಿಂಗ್ ತೆರೆದರೆ `Active Power Limit: 60%`. ಐದರಲ್ಲಿ ಅರವತ್ತು ಪರ್ಸೆಂಟ್ ಅಂದರೆ ಸರಿಯಾಗಿ ಮೂರು.

100 ಮಾಡಿದೆವು. ಕೆಲವೇ ದಿನದಲ್ಲಿ ಮತ್ತೆ 60 ಆಯಿತು!

ಕೊನೆಗೆ ತಿಳಿದ ಸಂಗತಿ ಇದು. ಸಿಸ್ಟಮ್ ಕೂರಿಸಿದವರು ನಮ್ಮ ಪ್ಲಾಂಟನ್ನು ತಮ್ಮ ಅಕೌಂಟ್‌ನಲ್ಲೇ ರಿಜಿಸ್ಟರ್ ಮಾಡಿ, ನಮಗೆ ನೋಡುವ ಹಕ್ಕು ಮಾತ್ರ ಕೊಟ್ಟಿದ್ದರು. ಎಲ್ಲ ಗ್ರಾಹಕರಿಗೂ ಅವರದ್ದು ಒಂದೇ ಲಾಗಿನ್, ಅದು ಕೆಲಸ ಬಿಟ್ಟು ಹೋದವರ ಫೋನಿನಲ್ಲೂ ಇತ್ತು. ಬೇರೆ ಮನೆಗೆ ಕಳಿಸಬೇಕಿದ್ದ ಸೆಟ್ಟಿಂಗನ್ನು ಯಾರೋ ಒಟ್ಟಿಗೆ ಹಲವು ಪ್ಲಾಂಟ್‌ಗಳಿಗೆ ಕಳಿಸಿದ್ದರು. ನಾವು ನಮ್ಮ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವರ ಲಾಗಿನ್‌ಗೆ ಏನೂ ಆಗುವುದಿಲ್ಲ, ಅಲ್ವಾ?

ಆ್ಯಪ್‌ನಲ್ಲಿ ಪ್ಲಾಂಟ್‌ನ ಓನರ್ ಯಾರು ಎಂದು ಇವತ್ತೇ ನೋಡಿ. ನೀವಲ್ಲದಿದ್ದರೆ ತಯಾರಕರ ಸರ್ವಿಸ್ ವಿಭಾಗಕ್ಕೆ ಬರೆದು ಹೆಸರು ವರ್ಗಾಯಿಸಿಕೊಳ್ಳಿ. ಇನ್‌ಸ್ಟಾಲರ್‌ಗೆ ನೋಡುವ ಹಕ್ಕು ಸಾಕು. ಇನ್ವರ್ಟರನ್ನು ಇಂಟರ್ನೆಟ್‌ಗೆ ಜೋಡಿಸುವ ವೈಫೈ ಡಾಂಗಲ್ ಮೇಲಿನ ಸ್ಟಿಕರ್ ಫೋಟೋ ಯಾವ ಗುಂಪಿಗೂ ಹಾಕಬೇಡಿ. ಅದರಲ್ಲಿರುವ ಸೀರಿಯಲ್ ನಂಬರ್ ಮತ್ತು ಕೋಡ್ ಇಟ್ಟುಕೊಂಡೇ ಎಷ್ಟೋ ಆ್ಯಪ್‌ಗಳಲ್ಲಿ ಪ್ಲಾಂಟ್ ಸೇರಿಸಬಹುದು.

ಡಾಂಗಲ್‌ಗೆ ಗೆಸ್ಟ್ ವೈಫೈ ಕೊಡುವುದು ಒಳ್ಳೆಯದೇ. ಆದರೆ ಅದು ಉಳಿಸುವುದು ಮನೆಯ ಬೇರೆ ಕಂಪ್ಯೂಟರ್, ಕ್ಯಾಮೆರಾಗಳನ್ನು, ಇನ್ವರ್ಟರನ್ನಲ್ಲ. ಡಾಂಗಲ್ ತಾನಾಗಿಯೇ ಕಂಪನಿಯ ಸರ್ವರ್‌ಗೆ ಸಂಪರ್ಕ ಮಾಡುತ್ತದೆ, ಆದೇಶ ಬರುವುದು ಅದೇ ದಾರಿಯಲ್ಲಿ. ಆ ಸರ್ವರ್‌ನಲ್ಲೇ ತೂತಿದ್ದರೆ ನಾವು ಮಾಡುವಂಥದ್ದು ಕಡಿಮೆ. 2025ರ ಮಾರ್ಚ್‌ನಲ್ಲಿ ಫೋರ್‌ಸ್ಕೌಟ್ ಸಂಸ್ಥೆಯ ಸಂಶೋಧಕರು ಮೂರು ದೊಡ್ಡ ಸೋಲಾರ್ ಕಂಪನಿಗಳ ವ್ಯವಸ್ಥೆಗಳಲ್ಲಿ ಇಂಥ 46 ದೋಷಗಳನ್ನು ಪ್ರಕಟಿಸಿದ್ದರು.

ಓನರ್ ಬದಲಾಗುವ ತನಕ ನಾವು ಡಾಂಗಲ್‌ಗೆ ಇಂಟರ್ನೆಟ್ ಕಟ್ ಮಾಡಿದ್ದೆವು. ಗ್ರಾಫ್ ಬರಲಿಲ್ಲ, ವಿದ್ಯುತ್ ಉತ್ಪಾದನೆ ಮಾತ್ರ ನಿಲ್ಲಲಿಲ್ಲ. ಡಿಸ್‌ಪ್ಲೇಯಲ್ಲಿ ಹಾಕಿದ 100 ಹಾಗೇ ಉಳಿಯಿತು.